ಸಸ್ಪೆನ್ಸ್ ಖಾತೆಯ ಗಂಟು ಬಿಡಿಸಿ ಫೈನಾನ್ಸ್ ಹೆಡ್‌ಗೆ ಮೆಮೊ ಬರೆಯುವುದು ಹೇಗೆ

ಸಸ್ಪೆನ್ಸ್ ಖಾತೆ ಅಂದರೆ ಎಲ್ಲಿಗೆ ಸೇರಬೇಕು ಅಂತ ಗೊತ್ತಾಗದ ಮೊತ್ತಗಳನ್ನು ಸದ್ಯಕ್ಕೆ ಇಡುವ ಜಾಗ. ಕೆಲವು ವರ್ಷಗಳ ಹಿಂದೆ ನಾನು ಅದರ ಬಗ್ಗೆ ಬರೆದ ಮೊದಲ ಮೆಮೊ ಎರಡು ಪುಟ ಇತ್ತು. ಯಾವ ಫೈಲ್ ತೆರೆದೆ, ಯಾರಿಗೆ ಫೋನ್ ಮಾಡಿದೆ, ಎಷ್ಟು ದಿನ ಹುಡುಕಿದೆ, ಎಲ್ಲವೂ ಅದರಲ್ಲಿತ್ತು. ಫೈನಾನ್ಸ್ ಹೆಡ್ ಮೇಡಂ ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಹಾಗಾದರೆ ಲಾಭ ಎಷ್ಟು ಬದಲಾಯಿತು?" ಆ ಅಂಕಿ ಎರಡು ಪುಟದಲ್ಲಿ ಎಲ್ಲೂ ಇರಲಿಲ್ಲ. ಲೆಕ್ಕ ಹಾಕಿ ಹೇಳುತ್ತೇನೆ ಅಂತ ವಾಪಸ್ ಬಂದೆ.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಒಂದು ಉದಾಹರಣೆ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಅಂಕಿಗಳು ಕಲ್ಪಿತ. ಆದರೆ ಇಂಥ ತಪ್ಪುಗಳು ನಿಜವಾಗಿಯೂ ಆಗುತ್ತವೆ. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿದಿದೆ, ಪುಸ್ತಕಗಳನ್ನು ಇನ್ನೂ ಮುಚ್ಚಿಲ್ಲ, ಸಸ್ಪೆನ್ಸ್ ಖಾತೆಯಲ್ಲಿ 25,570 ಕ್ರೆಡಿಟ್ ಬಾಕಿ ನಿಂತಿದೆ ಅಂದುಕೊಳ್ಳಿ.

## ಬಾಕಿಯನ್ನು ಹುಡುಕಬೇಡಿ, ಸಾಲುಗಳನ್ನು ಹುಡುಕಿ

ಹೊಸಬರು ಮಾಡುವ ಮೊದಲ ತಪ್ಪು ಅಂದರೆ 25,570 ಎಂಬ ಅಂಕಿಯನ್ನು ಹಿಡಿದು ಎಲ್ಲ ಕಡೆ ಹುಡುಕುವುದು. ಅದು ಎಲ್ಲೂ ಸಿಗುವುದಿಲ್ಲ. ಬಾಕಿ ಅಂದರೆ ಕೂಡಿ ಕಳೆದು ಉಳಿದ ಮೊತ್ತ ಅಷ್ಟೇ. ಅದರ ಹಿಂದೆ ಆರು ಸಾಲು ಇರಬಹುದು, ಅರವತ್ತೂ ಇರಬಹುದು. ಬಾಕಿ ಸೊನ್ನೆ ಇರುವ ಸಸ್ಪೆನ್ಸ್ ಖಾತೆಯೊಳಗೂ ದೊಡ್ಡ ಗೊಂದಲ ಅಡಗಿರಬಹುದು.

ಹಾಗಾಗಿ ಲೆಡ್ಜರನ್ನು ಈ ತಿಂಗಳಿನಿಂದ ತೆಗೆಯಬೇಡಿ. ಖಾತೆ ಕೊನೆಯ ಸಲ ನಿಜವಾಗಿ ಖಾಲಿಯಾಗಿದ್ದು ಯಾವಾಗ ಅಂತ ನೋಡಿ, ಅಲ್ಲಿಂದ ತೆಗೆಯಿರಿ. ಆಗಲೇ ಸರಿಪಡಿಸಿ ಮುಗಿಸಿದ ಜೋಡಿಗಳಿಗೆ ಗುರುತು ಹಾಕಿ. ಗುರುತಿಲ್ಲದೆ ಉಳಿದ ಸಾಲುಗಳನ್ನು ಬೇರೆ ಹಾಳೆಗೆ ತನ್ನಿ. ಆ ಸಾಲುಗಳ ಮೊತ್ತ ಲೆಡ್ಜರ್ ಬಾಕಿಗೆ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ಗುರುತು ಹಾಕುವುದರಲ್ಲೇ ಎಡವಿದ್ದೀರಿ, ಮುಂದೆ ಹೋಗಬೇಡಿ.

ನಮ್ಮ ಉದಾಹರಣೆಯಲ್ಲಿ ಉಳಿದದ್ದು ಆರು ಸಾಲು:

| ಸಾಲು | ಲೆಡ್ಜರ್‌ನಲ್ಲಿ ಬರೆದಿರುವುದು | ಡೆಬಿಟ್ | ಕ್ರೆಡಿಟ್ |
|---|---|---|---|
| 1 | ಓಪನಿಂಗ್ ಬ್ಯಾಲೆನ್ಸ್ ವ್ಯತ್ಯಾಸ | | 5,520 |
| 2 | ಬ್ಯಾಂಕ್ ಜಮಾ, ಹೆಸರು ಗೊತ್ತಿಲ್ಲ | | 38,500 |
| 3 | ಬ್ಯಾಂಕಿನಿಂದ ನೇರ ಕಡಿತ | 19,800 | |
| 4 | ಬ್ಯಾಂಕ್ ಜಮಾ | | 6,000 |
| 5 | ಬ್ಯಾಂಕ್ ಪಾವತಿ | 6,000 | |
| 6 | ನಗದು ಜಮಾ, ವಿವರ ಇಲ್ಲ | | 1,350 |
| | ಒಟ್ಟು | 25,800 | 51,370 |

ಕ್ರೆಡಿಟ್ 51,370, ಡೆಬಿಟ್ 25,800. ವ್ಯತ್ಯಾಸ 25,570 ಕ್ರೆಡಿಟ್. ತಾಳೆಯಾಯಿತು. ಈ ಪಟ್ಟಿಯೇ ಮೆಮೊದ ಬೆನ್ನೆಲುಬು. ಇನ್ನು ಒಂದೊಂದೇ ಸಾಲಿಗೆ ಬರೋಣ.

## ಎರಡನೇ ಸಾಲು: ಯಾರೋ ಕೊಟ್ಟ 38,500

ಸುಲಭದ್ದರಿಂದ ಶುರು ಮಾಡುವುದು ನನ್ನ ಅಭ್ಯಾಸ. ಇದು ಸುಲಭದ ಹಾಗೆ ಕಾಣುತ್ತದೆ. ಗಿರಾಕಿಗಳ ಬಾಕಿ ಇನ್‌ವಾಯ್ಸ್ ಪಟ್ಟಿಯಲ್ಲಿ 38,500 ಹುಡುಕಿದರೆ ಆಯಿತು ಅಲ್ವಾ? ಹುಡುಕಿದೆವು, ಆ ಮೊತ್ತದ ಇನ್‌ವಾಯ್ಸ್ ಇರಲಿಲ್ಲ.

ಆಗ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲನ್ನು ಪೂರ್ತಿ ಓದಬೇಕು. ಲೆಡ್ಜರಿಗೆ ಹಾಕುವವರು ವಿವರವನ್ನು ಅರ್ಧಕ್ಕೇ ಕತ್ತರಿಸಿರುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ಹಣ ಕಳಿಸಿದ ಕಂಪನಿಯ ಹೆಸರಿತ್ತು, ನಮ್ಮ ಗಿರಾಕಿ ಪಟ್ಟಿಯಲ್ಲಿ ಆ ಹೆಸರಿಲ್ಲ. ಪಕ್ಕದಲ್ಲಿ 4417 ಎಂಬ ನಾಲ್ಕು ಅಂಕಿ ಇತ್ತು. ನಮ್ಮಲ್ಲಿ 4417ರಲ್ಲಿ ಕೊನೆಯಾಗುವ ಇನ್‌ವಾಯ್ಸ್ ಒಂದೇ ಇತ್ತು, ಮೊತ್ತ 21,300. ಅದೇ ಗಿರಾಕಿಯ ಇನ್ನೊಂದು ಇನ್‌ವಾಯ್ಸ್ 17,450. ಎರಡೂ ಸೇರಿದರೆ 38,750. ಬಂದದ್ದಕ್ಕಿಂತ 250 ಜಾಸ್ತಿ.

"250 ಬ್ಯಾಂಕ್ ಚಾರ್ಜ್ ಇರಬೇಕು" ಅಂತ ಬರೆದು ಮುಗಿಸುವ ಆಸೆ ಇಲ್ಲಿ ಎಲ್ಲರಿಗೂ ಆಗುತ್ತದೆ. ಆದರೆ ಅದು ಗಿರಾಕಿ ತಾನಾಗಿಯೇ ಹಿಡಿದುಕೊಂಡ ರಿಯಾಯಿತಿ ಇರಬಹುದು. ಸರಕಿನಲ್ಲಿ ಏನೋ ಕೊರತೆಯಿತ್ತು ಅಂತ ಕಳೆದುಕೊಂಡಿರಬಹುದು. ಮೂರಕ್ಕೂ ಹೋಗುವ ಖಾತೆ ಬೇರೆ. ಆದ್ದರಿಂದ ಗಿರಾಕಿಯಿಂದ ಪಾವತಿ ವಿವರದ ಪತ್ರ ತರಿಸಿದೆವು. ಅದರಲ್ಲಿ ಕಳಿಸಿದ ಮೊತ್ತ 38,750 ಅಂತಲೇ ಇತ್ತು, ಎರಡೂ ಇನ್‌ವಾಯ್ಸ್ ನಂಬರ್ ಇತ್ತು, ಹಣ ಕಳಿಸಿದ್ದು ಅವರ ಮಾತೃ ಕಂಪನಿ ಎಂದೂ ಇತ್ತು. 250 ದಾರಿಯಲ್ಲಿ ಬ್ಯಾಂಕ್ ಹಿಡಿದದ್ದು ಅಂತ ನಮ್ಮ ಬ್ಯಾಂಕಿನ ಸಲಹಾ ಪತ್ರವೂ ಹೇಳಿತು. ಇನ್ನೊಂದು ಪ್ರಶ್ನೆ ಉಳಿದಿತ್ತು: ಆ ಚಾರ್ಜ್ ಯಾರದು? ಒಪ್ಪಂದದ ಪ್ರಕಾರ ನಮ್ಮದೇ. ಗಿರಾಕಿಯದಾಗಿದ್ದರೆ 250 ಅವರ ಬಾಕಿಯಾಗಿಯೇ ಉಳಿಯುತ್ತಿತ್ತು.

ನನ್ನ ನಿಯಮ ಇದು: ಮೊತ್ತ ಹೊಂದಿತು ಅನ್ನುವುದೊಂದೇ ಸಾಕ್ಷಿಯಾದರೆ ಎಂಟ್ರಿ ಹಾಕುವುದಿಲ್ಲ. ಮೊತ್ತದ ಜೊತೆ ಇನ್ನೊಂದು ಬೇಕು. ರೆಫರೆನ್ಸ್ ನಂಬರ್ ಆಗಲಿ, ಗಿರಾಕಿಯ ಪತ್ರವಾಗಲಿ. ಒಂದೇ ಮೊತ್ತದ ಇನ್‌ವಾಯ್ಸ್ ಇಬ್ಬರು ಗಿರಾಕಿಗಳಿಗೆ ಇರುವುದು ಅಪರೂಪವೇನಲ್ಲ. ತಪ್ಪು ಗಿರಾಕಿಗೆ ಜಮಾ ಮಾಡಿದರೆ ಸಸ್ಪೆನ್ಸ್ ಖಾಲಿಯಾಗುತ್ತದೆ, ಆದರೆ ತಪ್ಪು ಇನ್ನೂ ಆಳಕ್ಕೆ ಇಳಿಯುತ್ತದೆ.

ಎಂಟ್ರಿ ಹೀಗೆ:

```
ಡೆಬಿಟ್   ಸಸ್ಪೆನ್ಸ್ ಖಾತೆ     38,500
ಡೆಬಿಟ್   ಬ್ಯಾಂಕ್ ಚಾರ್ಜ್        250
ಕ್ರೆಡಿಟ್  ಗಿರಾಕಿ ಖಾತೆ        38,750
```

ಒಂದು ಮುಜುಗರದ ಸಂಗತಿ ಇದೆ. ದುಡ್ಡು ನಮ್ಮ ಬ್ಯಾಂಕಿನಲ್ಲೇ ಇದ್ದಾಗ ಅದೇ ಗಿರಾಕಿಗೆ ಬಾಕಿ ಕೊಡಿ ಅಂತ ನೆನಪೋಲೆ ಹೋಗುತ್ತಲೇ ಇತ್ತು. ಸಸ್ಪೆನ್ಸ್ ಖಾತೆಯ ನಿಜವಾದ ಖರ್ಚು ಇಂಥದ್ದು. ಇದನ್ನು ಮೆಮೊದಲ್ಲಿ ಒಂದು ವಾಕ್ಯದಲ್ಲಿ ಹೇಳಿಬಿಡಿ. ಗಿರಾಕಿ ಫೋನ್ ಮಾಡಿ ಹೇಳುವ ಮೊದಲು ಹೆಡ್‌ಗೆ ನಿಮ್ಮಿಂದಲೇ ಗೊತ್ತಾಗಲಿ.

## ಮೂರನೇ ಸಾಲು: ಬ್ಯಾಂಕ್ ತಾನೇ ಕಡಿದ 19,800

ಇದು ವಿಮೆಯ ಪ್ರೀಮಿಯಂ. ಸ್ಟೇಟ್‌ಮೆಂಟಿನಲ್ಲಿ ಪಾಲಿಸಿ ನಂಬರ್ ಇತ್ತು, ಪಾಲಿಸಿ ಪತ್ರ ತರಿಸಿದ ಕೂಡಲೇ ಏನೆಂದು ಗೊತ್ತಾಯಿತು. ಹುಡುಕುವುದು ಕಷ್ಟವಾಗಲಿಲ್ಲ. ಕಷ್ಟ ಇದ್ದದ್ದು ಎಲ್ಲಿಗೆ ಹಾಕುವುದು ಎನ್ನುವುದರಲ್ಲಿ.

ಮೊದಲು ನೋಡಬೇಕಾದದ್ದು, ಇದೇ ಪ್ರೀಮಿಯಂ ಆಗಲೇ ಬೇರೆ ದಾರಿಯಲ್ಲಿ ಪುಸ್ತಕಕ್ಕೆ ಬಂದಿದೆಯಾ ಅಂತ. ಯಾರೋ ಬಿಲ್ ನೋಡಿ ಖರ್ಚು ಹಾಕಿ, ವಿಮಾ ಕಂಪನಿಗೆ ಕೊಡಬೇಕು ಅಂತ ಬಾಕಿ ತೋರಿಸಿದ್ದರೆ, ಈ 19,800 ಆ ಬಾಕಿಯನ್ನು ತೀರಿಸಲು ಹೋಗಬೇಕು. ಅದನ್ನು ನೋಡದೆ ಮತ್ತೆ ಖರ್ಚಿಗೆ ಹಾಕಿದರೆ ಒಂದೇ ಖರ್ಚು ಎರಡು ಸಲ ಬಂದಂತೆ. ನಮ್ಮಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ವಿಮೆ ಖರ್ಚಿನ ಖಾತೆಯಲ್ಲಿ ಒಂದು ಸಾಲೂ ಇರಲಿಲ್ಲ, ಕೊಡಬೇಕಾದವರ ಪಟ್ಟಿಯಲ್ಲೂ ವಿಮಾ ಕಂಪನಿ ಇರಲಿಲ್ಲ. ಸರಿ, ಬಿಲ್ ಬಂದೇ ಇಲ್ಲ.

ಎರಡನೆಯದು ಅವಧಿ. ಪಾಲಿಸಿ ಜನವರಿ 1ರಿಂದ ಡಿಸೆಂಬರ್ 31ರವರೆಗೆ. ತಿಂಗಳಿಗೆ 1,650. ಮಾರ್ಚ್ 31ಕ್ಕೆ ಮೂರು ತಿಂಗಳು ಮುಗಿದಿದೆ, ಹಾಗಾಗಿ ಈ ವರ್ಷದ ಖರ್ಚು 4,950. ಉಳಿದ 14,850 ಮುಂಗಡವಾಗಿ ಕೊಟ್ಟ ವಿಮೆ, ಅದು ಆಸ್ತಿ. ಪೂರ್ತಿ 19,800ನ್ನು ಖರ್ಚಿಗೆ ಹಾಕಿದ್ದರೂ ಸಸ್ಪೆನ್ಸ್ ಅಷ್ಟೇ ಚೆನ್ನಾಗಿ ಖಾಲಿಯಾಗುತ್ತಿತ್ತು. ಖಾತೆ ಖಾಲಿಯಾಯಿತು ಅಂದಮಾತ್ರಕ್ಕೆ ಹಣ ಸರಿಯಾದ ಕಡೆ ಹೋಯಿತು ಅಂತ ಅರ್ಥವಲ್ಲ.

```
ಡೆಬಿಟ್   ವಿಮೆ ಖರ್ಚು          4,950
ಡೆಬಿಟ್   ಮುಂಗಡ ವಿಮೆ        14,850
ಕ್ರೆಡಿಟ್  ಸಸ್ಪೆನ್ಸ್ ಖಾತೆ     19,800
```

## ನಾಲ್ಕು ಮತ್ತು ಐದು: ಒಂದಕ್ಕೊಂದು ಹೊಡೆದುಹೋಗುವ ಎರಡು 6,000

ಒಂದು ಕಡೆ 6,000 ಕ್ರೆಡಿಟ್, ಇನ್ನೊಂದು ಕಡೆ 6,000 ಡೆಬಿಟ್. ಸುಮ್ನೆ ಟಿಕ್ ಹಾಕಿ ಮುಂದೆ ಹೋಗಬೇಕು ಅನ್ನಿಸುತ್ತದೆ. ಎರಡಕ್ಕೂ ಸಂಬಂಧ ಇದೆ ಅಂತ ಕಾಗದ ಹೇಳುವವರೆಗೆ ಹಾಗೆ ಮಾಡಬೇಡಿ. ಒಬ್ಬ ಗಿರಾಕಿ ಕೊಟ್ಟ ಮುಂಗಡ, ಇನ್ನೊಬ್ಬರಿಗೆ ನಾವು ಕೊಟ್ಟ ಠೇವಣಿ ಕೂಡ ಒಂದೇ ಮೊತ್ತ ಇರಬಹುದು.

ಇಲ್ಲಿ ಸಂಬಂಧ ಇತ್ತು. ಒಬ್ಬ ಸಪ್ಲೈಯರ್‌ಗೆ ಕಳಿಸಿದ 6,000 ಖಾತೆ ನಂಬರ್ ತಪ್ಪಿದ್ದರಿಂದ ಬ್ಯಾಂಕಿಗೆ ವಾಪಸ್ ಬಂತು. ಮೊದಲ ಪಾವತಿ ಸಪ್ಲೈಯರ್ ಖಾತೆಗೇ ಹೋಗಿತ್ತು. ವಾಪಸ್ ಬಂದದ್ದನ್ನು ಗುರುತಿಸದೆ ಸಸ್ಪೆನ್ಸ್‌ಗೆ ಹಾಕಿದರು. ಮತ್ತೆ ಕಳಿಸಿದಾಗ, ಸಪ್ಲೈಯರ್ ಖಾತೆಯಲ್ಲಿ ಬಾಕಿಯೇ ಕಾಣದ್ದರಿಂದ ಅದನ್ನೂ ಸಸ್ಪೆನ್ಸ್‌ಗೆ ಹಾಕಿದರು. ನಿವ್ವಳ ಸೊನ್ನೆ.

ಆದರೂ ಎರಡನ್ನೂ ಸಪ್ಲೈಯರ್ ಖಾತೆಯ ಮೂಲಕವೇ ಸಾಗಿಸಿದೆವು: ಸಸ್ಪೆನ್ಸ್ ಡೆಬಿಟ್, ಸಪ್ಲೈಯರ್ ಕ್ರೆಡಿಟ್, ಮತ್ತೆ ಸಪ್ಲೈಯರ್ ಡೆಬಿಟ್, ಸಸ್ಪೆನ್ಸ್ ಕ್ರೆಡಿಟ್. ಬಾಕಿ ಬದಲಾಗುವುದಿಲ್ಲ. ಆದರೆ ಮುಂದೆ ಸಪ್ಲೈಯರ್ ಕಳಿಸುವ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವಾಗ ಹಣ ಹೋಗಿದ್ದು, ಮರಳಿದ್ದು, ಮತ್ತೆ ಹೋಗಿದ್ದು ಮೂರೂ ಅಲ್ಲೇ ಕಾಣುತ್ತವೆ. ಸಪ್ಲೈಯರ್‌ಗೆ ಹಣ ಮುಟ್ಟಿದ ದಿನವನ್ನೂ ಅದರ ಜೊತೆ ತಾಳೆ ನೋಡಬಹುದು.

## ಮೊದಲನೇ ಸಾಲು: 5,520, ನಿಜವಾದ ಗಂಟು

ಇದು ವರ್ಷದ ಆರಂಭದ್ದು. ಆಗ ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಬಂದೆವು. ಹಳೆಯ ಬಾಕಿಗಳನ್ನು ಹೊಸದಕ್ಕೆ ಹಾಕಿದಾಗ ಡೆಬಿಟ್ ಮೊತ್ತ ಕ್ರೆಡಿಟ್‌ಗಿಂತ 5,520 ಜಾಸ್ತಿ ಬಂತು. ಸಾಫ್ಟ್‌ವೇರ್ ಆ ಕೊರತೆಯನ್ನು ಸಸ್ಪೆನ್ಸ್‌ನಲ್ಲಿ ಕ್ರೆಡಿಟ್ ಹಾಕಿ ಸರಿತೂಗಿಸಿತು. ಆಮೇಲೆ ನೋಡೋಣ ಅಂತ ಬಿಟ್ಟದ್ದು ಇಡೀ ವರ್ಷ ಹಾಗೇ ಉಳಿಯಿತು.

ಟ್ರಯಲ್ ಬ್ಯಾಲೆನ್ಸ್ ಅಂದರೆ ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳ ಪಟ್ಟಿ. ಅದರಲ್ಲಿ ಬರುವ ವ್ಯತ್ಯಾಸಕ್ಕೆ ಲೆಕ್ಕದವರಲ್ಲಿ ಎರಡು ಹಳೆಯ ಉಪಾಯಗಳಿವೆ. ಒಂದು, ವ್ಯತ್ಯಾಸವನ್ನು 2ರಿಂದ ಭಾಗಿಸಿ. ಆ ಅರ್ಧ ಮೊತ್ತ ಯಾವುದಾದರೂ ಖಾತೆಯಲ್ಲಿದ್ದರೆ ಅದನ್ನು ತಪ್ಪು ಬದಿಗೆ ಹಾಕಿರಬಹುದು. ಇನ್ನೊಂದು, 9ರಿಂದ ಭಾಗಿಸಿ. ಶೇಷವಿಲ್ಲದೆ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. 5,520ರ ಅರ್ಧ 2,760, ಅಂಥ ಬಾಕಿ ಎಲ್ಲೂ ಇಲ್ಲ. 9ರಿಂದ ಭಾಗವಾಗುವುದೇ ಇಲ್ಲ. ಎರಡೂ ಉಪಾಯ ಕೈಕೊಟ್ಟವು.

ಯಾಕೆಂದರೆ ಈ ಉಪಾಯಗಳು ತಪ್ಪು ಒಂದೇ ಇದ್ದಾಗ ಮಾತ್ರ ಕೆಲಸ ಮಾಡುತ್ತವೆ. ಎರಡು ತಪ್ಪು ಬೆರೆತರೆ ಮೊತ್ತ ಏನೂ ಹೇಳುವುದಿಲ್ಲ. ಆಗ ತಪ್ಪುಗಳನ್ನು ಬೇರೆ ಬೇರೆ ಮಾಡಬೇಕು. ಅದಕ್ಕೆ ಹಳೆಯ ಸಾಫ್ಟ್‌ವೇರಿನ ಕೊನೆಯ ಟ್ರಯಲ್ ಬ್ಯಾಲೆನ್ಸ್ ತೆಗೆದು, ಹೊಸದರ ಓಪನಿಂಗ್ ಬ್ಯಾಲೆನ್ಸ್ ಜೊತೆ ಗುಂಪು ಗುಂಪಾಗಿ ಹೋಲಿಸಿದೆವು. ಆಸ್ತಿ, ಸಾಲ, ಬ್ಯಾಂಕ್, ದಾಸ್ತಾನು, ಎಲ್ಲ ಸರಿ. ಗಿರಾಕಿಗಳ ಗುಂಪಿನಲ್ಲಿ 4,620 ವ್ಯತ್ಯಾಸ. ಸಪ್ಲೈಯರ್ ಗುಂಪಿನಲ್ಲಿ 900. ಎರಡೂ ಕೂಡಿದರೆ 5,520. ಈಗ ಉಪಾಯಗಳನ್ನು ಗುಂಪಿನ ಒಳಗೆ ಮತ್ತೆ ಹಾಕಿ ನೋಡಬಹುದು.

4,620ರ ಅರ್ಧ 2,310. ಹಳೆಯ ಪಟ್ಟಿಯಲ್ಲಿ ಒಬ್ಬ ಗಿರಾಕಿಯ ಎದುರು (2,310) ಅಂತ ಆವರಣದಲ್ಲಿತ್ತು. ಅಂದರೆ ಅವರು ಮುಂಗಡ ಕೊಟ್ಟಿದ್ದಾರೆ, ಬಾಕಿ ಕ್ರೆಡಿಟ್. ಫೈಲ್ ಹೊಸದಕ್ಕೆ ಹೋಗುವಾಗ ಆವರಣ ಬಿದ್ದುಹೋಗಿ, ಅವರೇ ನಮಗೆ 2,310 ಕೊಡಬೇಕು ಅಂತಾಯಿತು. ಸರಿಪಡಿಸುವಾಗ ಜನ ಎಡವುವುದು ಇಲ್ಲೇ. ಎಂಟ್ರಿ 2,310ಕ್ಕೆ ಅಲ್ಲ, 4,620ಕ್ಕೆ. ತಪ್ಪಾಗಿ ಬಂದ ಡೆಬಿಟ್ ಅಳಿಸಲು 2,310, ಸರಿಯಾದ ಕ್ರೆಡಿಟ್ ತೋರಿಸಲು ಇನ್ನೊಂದು 2,310. ಅರ್ಧ ಮೊತ್ತಕ್ಕೆ ಎಂಟ್ರಿ ಹಾಕಿದರೆ ಗಿರಾಕಿಯ ಬಾಕಿ ಸೊನ್ನೆಯಾಗಿ, ಅವರ ಮುಂಗಡವೇ ಮಾಯವಾಗುತ್ತದೆ.

900 ಮಾತ್ರ 9ರಿಂದ ಸರಿಯಾಗಿ ಭಾಗವಾಗುತ್ತದೆ, ಉತ್ತರ 100. ಈ 100 ಇನ್ನೂ ಒಂದು ಸುಳಿವು ಕೊಡುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರ ಗುಣಕ. ಭಾಗಿಸಿದ ಉತ್ತರ 100 ಆದರೆ ಅದಲಾಗಿದ್ದು ನೂರು ಮತ್ತು ಸಾವಿರದ ಸ್ಥಾನ, ಆ ಎರಡು ಅಂಕಿಗಳ ನಡುವೆ ಅಂತರ 1. ಹಾಗಾಗಿ ಸಪ್ಲೈಯರ್ ಪಟ್ಟಿಯಲ್ಲಿ ಸಾವಿರದ ಮತ್ತು ನೂರರ ಅಂಕಿಗಳು 7-6, 5-4 ಹೀಗೆ ಪಕ್ಕಪಕ್ಕ ಇರುವ ಬಾಕಿಗಳನ್ನು ಮಾತ್ರ ನೋಡಿದರೆ ಸಾಕು. 7,640 ಇರಬೇಕಾದ ಕಡೆ 6,740 ಇತ್ತು. ಆ ಒಂದು ಬಾಕಿಯನ್ನು ಯಾರೋ ಕೈಯಿಂದ ಟೈಪ್ ಮಾಡಿದ್ದರು.

```
ಡೆಬಿಟ್   ಸಸ್ಪೆನ್ಸ್ ಖಾತೆ      5,520
ಕ್ರೆಡಿಟ್  ಗಿರಾಕಿ ಖಾತೆ        4,620
ಕ್ರೆಡಿಟ್  ಸಪ್ಲೈಯರ್ ಖಾತೆ        900
```

ಇಷ್ಟಾದ ಮೇಲೂ ಗುಂಪಿನ ಮೊತ್ತ ಸರಿಬಂತು ಅಂತ ಎದ್ದುಬಿಡಬೇಡಿ. ಒಬ್ಬ ಸಪ್ಲೈಯರ್‌ನ 500 ಇನ್ನೊಬ್ಬರ ಖಾತೆಗೆ ಹೋಗಿದ್ದರೆ ಗುಂಪಿನ ಮೊತ್ತ ಬದಲಾಗುವುದಿಲ್ಲ, ಸಸ್ಪೆನ್ಸ್‌ನಲ್ಲೂ ಏನೂ ಕಾಣುವುದಿಲ್ಲ. ಪೂರ್ತಿ ಬಿಟ್ಟುಹೋದ ಬಿಲ್ ಕೂಡ ಹಾಗೆಯೇ. ನಾವು ಎರಡೂ ಗುಂಪುಗಳ ಪ್ರತಿ ಹೆಸರನ್ನೂ ಹಳೆಯ ಪಟ್ಟಿಯ ಜೊತೆ ಹೋಲಿಸಿದೆವು. ಬೇರೆ ತಪ್ಪು ಸಿಗಲಿಲ್ಲ. ಮೆಮೊದಲ್ಲಿ ಹೀಗೆ ಹೋಲಿಸಿದ್ದೇವೆ ಅಂತ ಬರೆಯಬಹುದು. "ಪುಸ್ತಕದಲ್ಲಿ ಬೇರೆ ತಪ್ಪಿಲ್ಲ" ಅಂತ ಮಾತ್ರ ಬರೆಯಬೇಡಿ, ಸಸ್ಪೆನ್ಸ್ ಖಾತೆ ಆ ಭರವಸೆ ಕೊಡಲಾರದು.

ಇನ್ನೊಂದು ಮಾತು. ಓಪನಿಂಗ್ ಬ್ಯಾಲೆನ್ಸ್ ಅಂದ ಕೂಡಲೇ ಹೆಡ್ ಕೇಳುವುದು, "ಕಳೆದ ವರ್ಷದ ಲೆಕ್ಕವೇ ತಪ್ಪಾಗಿತ್ತಾ?" ಇಲ್ಲಿ ಇಲ್ಲ. ಹಳೆಯ ಪುಸ್ತಕ ಸರಿಯಿತ್ತು, ಹೊಸದಕ್ಕೆ ತರುವಾಗ ತಪ್ಪಾಯಿತು. ಆದ್ದರಿಂದ ಈ ವರ್ಷದ ಪುಸ್ತಕದಲ್ಲಿ ತಿದ್ದಿದರೆ ಸಾಕು. ಕಳೆದ ವರ್ಷ ಹೊರಬಂದ ಲೆಕ್ಕಪತ್ರದಲ್ಲೇ ದೊಡ್ಡ ತಪ್ಪಿದ್ದರೆ ದಾರಿ ಬೇರೆ. ಅಂತರರಾಷ್ಟ್ರೀಯ ಮಾನದಂಡ ಪಾಲಿಸುವವರಿಗೆ ಐಎಎಸ್ 8 ಅನ್ವಯಿಸುತ್ತದೆ, ಸಾಧ್ಯವಿರುವಷ್ಟು ಮಟ್ಟಿಗೆ ಹಿಂದಿನ ಅಂಕಿಗಳನ್ನೇ ತಿದ್ದಿ ತೋರಿಸಬೇಕಾಗುತ್ತದೆ. ಅಂಥದ್ದು ಸಿಕ್ಕರೆ ಎಂಟ್ರಿ ಹಾಕುವ ಮೊದಲೇ ಹೆಡ್ ಹತ್ತಿರ ಹೋಗಿ.

## ಆರನೇ ಸಾಲು: ಉಳಿದ 1,350

ಯಾರೋ ನಗದು ಕಟ್ಟಿದ್ದಾರೆ, ಹೆಸರಿಲ್ಲ. ಚಲನ್ ಪ್ರತಿ ಕೊಡಿ ಅಂತ ಬ್ಯಾಂಕಿಗೆ ಏಪ್ರಿಲ್ 8ರಂದು ಬರೆದೆವು, ಉತ್ತರ ಇನ್ನೂ ಇಲ್ಲ.

ಚಿಕ್ಕ ಮೊತ್ತ, "ಇತರೆ ಆದಾಯ"ಕ್ಕೆ ಹಾಕಿ ಖಾತೆ ಸೊನ್ನೆ ಮಾಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾಡಬೇಡಿ. ಅದು ಯಾರದ್ದೋ ದುಡ್ಡು. ಸಂಪಾದಿಸಿದ್ದು ಅಂತ ಹೇಳಲು ನಮ್ಮಲ್ಲಿ ಕಾಗದವಿಲ್ಲ. ಹಾಗೇ ಬಿಡಿ, ಆದರೆ ಮೆಮೊದಲ್ಲಿ ಯಾರು ಬೆನ್ನುಹತ್ತುತ್ತಿದ್ದಾರೆ, ಮುಂದೆ ಯಾವ ದಿನ ನೋಡುತ್ತಾರೆ ಅಂತ ಬರೆಯಿರಿ. ಸೊನ್ನೆ ಅಂತ ಸುಳ್ಳು ಹೇಳುವ ಖಾತೆಗಿಂತ 1,350 ಅಂತ ನಿಜ ಹೇಳುವ ಖಾತೆ ಮೇಲು.

## ಮೆಮೊ ಬರೆಯುವ ಮೊದಲು ಒಂದು ಪರೀಕ್ಷೆ

ಎಂಟ್ರಿಗಳನ್ನು ಹಾಕುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು ಇರಬೇಕು. ಸಸ್ಪೆನ್ಸ್ ಖಾತೆಯಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಏನನ್ನಾದರೂ ಮುಚ್ಚಿಡಲು ಇದು ತೀರಾ ಅನುಕೂಲವಾದ ಜಾಗ. ಪುಸ್ತಕ ಮುಚ್ಚಿರದಿದ್ದರೆ ಎಂಟ್ರಿಗೆ ಮಾರ್ಚ್ 31ರ ದಿನಾಂಕ ಹಾಕಬಹುದು. ಮುಚ್ಚಿದ ತಿಂಗಳನ್ನು ತೆರೆದು ಹಿಂದಿನ ದಿನಾಂಕ ಹಾಕುವ ಕೆಲಸವನ್ನು ಹೆಡ್ ಒಪ್ಪಿಗೆ ಇಲ್ಲದೆ ಮಾಡಬೇಡಿ.

ಈಗ ಎಲ್ಲ ಎಂಟ್ರಿಗಳ ಪರಿಣಾಮವನ್ನು ಒಂದೇ ಕಡೆ ಕೂಡಿಸಿ. ಸಸ್ಪೆನ್ಸ್ 25,570ರಿಂದ 1,350ಕ್ಕೆ ಇಳಿಯಿತು, ಅಂದರೆ 24,220 ಡೆಬಿಟ್. ಬ್ಯಾಂಕ್ ಚಾರ್ಜ್ 250, ವಿಮೆ ಖರ್ಚು 4,950, ಮುಂಗಡ ವಿಮೆ 14,850, ಇವೂ ಡೆಬಿಟ್. ಒಟ್ಟು 44,270. ಇನ್ನೊಂದು ಬದಿ ಗಿರಾಕಿಗಳು 38,750 ಮತ್ತು 4,620, ಸೇರಿ 43,370, ಸಪ್ಲೈಯರ್ 900. ಒಟ್ಟು 44,270. ಎರಡೂ ಬದಿ ಸಮ.

ಹೆಡ್‌ಗೆ ಬೇಕಾದ ಅಂಕಿಗಳು ಇದರೊಳಗೇ ಇವೆ. ಲಾಭ 5,200 ಕಡಿಮೆಯಾಗುತ್ತದೆ, ಅದು 250 ಮತ್ತು 4,950 ಸೇರಿ. ಬ್ಯಾಂಕ್ ಬಾಕಿ ಬದಲಾಗುವುದಿಲ್ಲ, ಯಾಕೆಂದರೆ ಬ್ಯಾಂಕಿನ ಬದಿ ಮೊದಲಿನಿಂದಲೂ ಸರಿಯಿತ್ತು. ಗಮನಿಸಿ: ನಿಂತಿದ್ದ ಬಾಕಿ 25,570 ಆದರೂ ಗಿರಾಕಿ ಬಾಕಿಯಲ್ಲಿದ್ದ ತಪ್ಪು 43,370. ನಿವ್ವಳ ಅಂಕಿಯನ್ನು ನೋಡಿ ತಪ್ಪಿನ ಗಾತ್ರ ಅಳೆಯಬಾರದು ಅನ್ನುವುದು ಇದಕ್ಕೇ.

## ಮೆಮೊ

ಹುಡುಕಿದ ಕತೆ ಬೇಡ. ಮೊದಲು ಫಲಿತಾಂಶ, ಆಮೇಲೆ ಲಾಭದ ಮೇಲಿನ ಪರಿಣಾಮ, ಆಮೇಲೆ ಪ್ರತಿ ಸಾಲು, ಕೊನೆಗೆ ಹೆಡ್ ಏನು ತೀರ್ಮಾನಿಸಬೇಕು ಅನ್ನುವುದು. ಒಂದು ಪುಟ ಮೀರಬಾರದು. ನಾವು ಕಳಿಸಬಹುದಾದದ್ದು ಹೀಗಿರುತ್ತದೆ:

> ಇವರಿಗೆ: ಫೈನಾನ್ಸ್ ಹೆಡ್
> ಇವರಿಂದ: ಲೆಕ್ಕಪತ್ರ ವಿಭಾಗ
> ದಿನಾಂಕ: ಏಪ್ರಿಲ್ 12
> ವಿಷಯ: ಮಾರ್ಚ್ 31ರ ಸಸ್ಪೆನ್ಸ್ ಖಾತೆ ಬಾಕಿಯ ವಿವರ ಮತ್ತು ತಿದ್ದುಪಡಿ
>
> ಮೇಡಂ,
>
> ಮಾರ್ಚ್ 31ಕ್ಕೆ ಸಸ್ಪೆನ್ಸ್ ಖಾತೆಯಲ್ಲಿ 25,570 ಕ್ರೆಡಿಟ್ ಬಾಕಿ ಇತ್ತು. ಆರು ಸಾಲುಗಳಲ್ಲಿ ಐದರ ಮೂಲ ಪತ್ತೆಯಾಗಿದೆ. ತಿದ್ದುಪಡಿಯ ನಂತರ 1,350 ಕ್ರೆಡಿಟ್ ಉಳಿಯುತ್ತದೆ.
>
> ಇದರಿಂದ ಈ ವರ್ಷದ ಲಾಭ 5,200 ಕಡಿಮೆಯಾಗುತ್ತದೆ. ಬ್ಯಾಂಕ್ ಬಾಕಿ ಬದಲಾಗುವುದಿಲ್ಲ. ಗಿರಾಕಿಗಳ ನಿವ್ವಳ ಬಾಕಿ 43,370 ಇಳಿಯುತ್ತದೆ, ಸಪ್ಲೈಯರ್ ಬಾಕಿ 900 ಏರುತ್ತದೆ, ಮುಂಗಡ ವಿಮೆ 14,850 ಹೊಸದಾಗಿ ಸೇರುತ್ತದೆ. ಕಳೆದ ವರ್ಷದ ಲೆಕ್ಕಪತ್ರ ತಿದ್ದಬೇಕಾಗಿಲ್ಲ.
>
> 38,500 ಕ್ರೆಡಿಟ್: ಗಿರಾಕಿಯ ಮಾತೃ ಕಂಪನಿ ಎರಡು ಇನ್‌ವಾಯ್ಸ್‌ಗಳಿಗೆ ಕೊಟ್ಟ 38,750. ಬ್ಯಾಂಕ್ 250 ಹಿಡಿದುಕೊಂಡಿದೆ, ಒಪ್ಪಂದದಂತೆ ಅದು ನಮ್ಮ ಖರ್ಚು. ಹಣ ಬಂದ ಮೇಲೂ ಈ ಗಿರಾಕಿಗೆ ನೆನಪೋಲೆ ಹೋಗಿದೆ.
>
> 19,800 ಡೆಬಿಟ್: ಜನವರಿ 1ರಿಂದ ಡಿಸೆಂಬರ್ 31ರವರೆಗಿನ ವಿಮೆ ಪ್ರೀಮಿಯಂ. ಬಿಲ್ ನಮ್ಮ ವಿಭಾಗಕ್ಕೆ ಬಂದಿರಲಿಲ್ಲ. ಮೂರು ತಿಂಗಳ 4,950 ಖರ್ಚು, ಉಳಿದದ್ದು ಮುಂಗಡ.
>
> 5,520 ಕ್ರೆಡಿಟ್: ಹೊಸ ಸಾಫ್ಟ್‌ವೇರಿಗೆ ಬಾಕಿ ತರುವಾಗ ಆದ ಎರಡು ತಪ್ಪು. ಒಬ್ಬ ಗಿರಾಕಿಯ 2,310 ಮುಂಗಡ ತಪ್ಪು ಬದಿಗೆ ಬಂದಿತ್ತು. ಒಬ್ಬ ಸಪ್ಲೈಯರ್‌ನ 7,640, 6,740 ಆಗಿತ್ತು. ಗಿರಾಕಿ ಮತ್ತು ಸಪ್ಲೈಯರ್ ಬಾಕಿಗಳನ್ನೆಲ್ಲ ಹಳೆಯ ಪಟ್ಟಿಯೊಂದಿಗೆ ಹೋಲಿಸಿದ್ದೇವೆ.
>
> 6,000 ಕ್ರೆಡಿಟ್ ಮತ್ತು ಡೆಬಿಟ್: ಒಬ್ಬ ಸಪ್ಲೈಯರ್‌ಗೆ ಕಳಿಸಿ ವಾಪಸ್ ಬಂದು, ಮತ್ತೆ ಕಳಿಸಿದ ಹಣ. ಎರಡನ್ನೂ ಅವರ ಖಾತೆಯ ಮೂಲಕ ತೋರಿಸುತ್ತೇವೆ.
>
> 1,350 ಕ್ರೆಡಿಟ್: ಪತ್ತೆಯಾಗಿಲ್ಲ. ಏಪ್ರಿಲ್ 8ರಂದು ಬ್ಯಾಂಕಿಗೆ ಬರೆದಿದ್ದೇವೆ. ಏಪ್ರಿಲ್ 30ರೊಳಗೆ ಮತ್ತೆ ವರದಿ ಮಾಡುತ್ತೇವೆ. ಅಲ್ಲಿಯವರೆಗೆ ಆದಾಯಕ್ಕೆ ಹಾಕುವುದಿಲ್ಲ.
>
> ತಮ್ಮಿಂದ ಎರಡು ಒಪ್ಪಿಗೆ ಬೇಕು: ಲಗತ್ತಿಸಿದ ಎಂಟ್ರಿಗಳನ್ನು ಮಾರ್ಚ್ 31ರ ದಿನಾಂಕಕ್ಕೆ ಹಾಕಲು, ಮತ್ತು ವಿಮೆ ಬಿಲ್‌ಗಳು ನೇರವಾಗಿ ಲೆಕ್ಕಪತ್ರ ವಿಭಾಗಕ್ಕೇ ಬರುವಂತೆ ಮಾಡಲು.

"ಒಪ್ಪಿಗೆ ಬೇಕು" ಎಂಬ ಕೊನೆಯ ಪ್ಯಾರಾ ಬಿಟ್ಟುಹೋದರೆ ಮೆಮೊ ಓದಿದ ಹೆಡ್ "ಸರಿ" ಅಂತ ಫೈಲಿಗೆ ಹಾಕುತ್ತಾರೆ, ಎಂಟ್ರಿ ಮಾತ್ರ ಒಪ್ಪಿಗೆಗೆ ಕಾದು ಕೂತಿರುತ್ತದೆ. ಇನ್ನು, ತಪ್ಪು ಮಾಡಿದವರ ಹೆಸರು ಮೆಮೊದಲ್ಲಿ ಬೇಡ. "ಟೈಪ್ ಮಾಡುವಾಗ ಅದಲುಬದಲಾಗಿದೆ" ಅಂದರೆ ಸಾಕು. ಹೆಸರು ಬರೆದರೆ ಮುಂದಿನ ಸಲ ಯಾರೂ ತಮ್ಮ ತಪ್ಪನ್ನು ತಾವಾಗಿ ಹೇಳುವುದಿಲ್ಲ, ಹುಡುಕುವ ಕೆಲಸ ನಿಮ್ಮ ತಲೆಗೇ.

ಲಗತ್ತಿಗೆ ಆರು ಸಾಲಿನ ಪಟ್ಟಿ, ಎಂಟ್ರಿಗಳು, ತಿದ್ದುಪಡಿಯ ನಂತರದ ಲೆಡ್ಜರ್ ಹೇಗಿರುತ್ತದೆ ಅನ್ನುವ ಹಾಳೆ, ಮತ್ತು ಪ್ರತಿ ಸಾಲಿನ ಸಾಕ್ಷಿ ಇಡಿ: ಗಿರಾಕಿಯ ಪಾವತಿ ಪತ್ರ, ಬ್ಯಾಂಕ್ ಸಲಹಾ ಪತ್ರ, ಪಾಲಿಸಿ, ಹಳೆಯ ಬಾಕಿ ಪಟ್ಟಿ, ವಾಪಸ್ ಬಂದ ಪಾವತಿಯ ಸೂಚನೆ. ಪ್ರತಿ ಕಾಗದದ ಮೇಲೂ ಪಟ್ಟಿಯ ಸಾಲಿನ ನಂಬರ್ ಬರೆಯಿರಿ. ಆಡಿಟರ್ ಬಂದಾಗ ಅವರು ಮೊದಲು ಕೇಳುವ ಖಾತೆಗಳಲ್ಲಿ ಇದೂ ಒಂದು, ಆಗ ನೀವು ರಜೆಯಲ್ಲಿರಬಹುದು.

ಒಪ್ಪಿಗೆ ಬಂದು ಎಂಟ್ರಿ ಹಾಕಿದ ದಿನ ಲೆಡ್ಜರನ್ನು ಮತ್ತೊಮ್ಮೆ ತೆಗೆದು 1,350 ಕಾಣುತ್ತಿದೆಯಾ ನೋಡಿ. ಬೇರೆ ಅಂಕಿ ಕಂಡರೆ ಮೊದಲು ಒಂದು ಎಂಟ್ರಿಯ ಡೆಬಿಟ್-ಕ್ರೆಡಿಟ್ ಉಲ್ಟಾ ಆಗಿದೆಯಾ ಅಂತ ನೋಡಿ. ಹಾಗಾಗಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟು ಇರುತ್ತದೆ. ಉದಾಹರಣೆಗೆ 12,390 ಕ್ರೆಡಿಟ್ ಕಂಡರೆ, 1,350ಕ್ಕಿಂತ ಅದು 11,040 ಜಾಸ್ತಿ. ಅದರ ಅರ್ಧ 5,520.